ಶೇಕಡಾ 40 ಅಂದಾಗ ಎಲ್ಲರೂ ನಕ್ಕಿದ್ದರು

ಒಂದು ದೇಶ ಬಯಸಿದಷ್ಟು ಬೆಳೆಯಲು ಎಷ್ಟು ಹೂಡಿಕೆ ಬೇಕು, ಅದರಲ್ಲಿ ಎಷ್ಟು ಹೊರಗಿನಿಂದ ತರಬೇಕು ಅಂತ ಹ್ಯಾರಡ್-ಡೋಮರ್ ಮಾಡೆಲ್‌ನಲ್ಲಿ ಲೆಕ್ಕ ಹಾಕುತ್ತಿದ್ದೆ. ಮೊದಲ ಸಲ ನನ್ನ ಶೀಟ್‌ನಲ್ಲಿ ಬಂದ ಉತ್ತರ 40. ಅಂದರೆ ಶೇಕಡಾ 6ರ ಬೆಳವಣಿಗೆ ಬೇಕಾದರೆ ಜಿಡಿಪಿಯ ಶೇಕಡಾ 40ರಷ್ಟು ಹೂಡಿಕೆ ಆಗಬೇಕು. ದೇಶದೊಳಗಿನ ಉಳಿತಾಯ 17ರ ಆಸುಪಾಸಿನಲ್ಲಿತ್ತು. ಉಳಿದ 23 ಹೊರಗಿನಿಂದ ಬರಬೇಕು! ಸಭೆಯಲ್ಲಿ ನಕ್ಕರು. "ಈ ಹಳೇ ಮಾಡೆಲ್ ಬಿಟ್ಟುಬಿಡಿ" ಅಂದರು. ತಪ್ಪು ಮಾಡೆಲ್‌ದಲ್ಲ, ನನ್ನದು.

ಹಳೆಯ ಅಂಕಿಗಳಿಂದ ನಾನು ತೆಗೆದ ಐಸಿಒಆರ್, ಅಂದರೆ ಒಂದು ಪಾಯಿಂಟ್ ಬೆಳವಣಿಗೆಗೆ ಎಷ್ಟು ಪಾಯಿಂಟ್ ಹೂಡಿಕೆ ಬೇಕು ಅನ್ನುವ ಅನುಪಾತ, 4 ಇತ್ತು. ಅದನ್ನು ತೆಗೆದದ್ದು ಒಟ್ಟು ಹೂಡಿಕೆಯಿಂದ, ಸವಕಳಿ ಅದರೊಳಗೇ ಸೇರಿತ್ತು. ಆಮೇಲೆ ಸೂತ್ರದಲ್ಲಿ ಸವಕಳಿಯ ಶೇಕಡಾ 4ನ್ನು ಮತ್ತೆ ಸೇರಿಸಿದೆ: 4 × (6 + 4) = 40. ಒಂದೇ ಖರ್ಚನ್ನು ಎರಡು ಸಲ ಬರೆದ ಹಾಗೆ. ಸವಕಳಿ ತೆಗೆದರೆ 4 × 6 = 24. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮಾತ್ರ ಸಮಾಧಾನ ಆಗಲಿಲ್ಲ.

ಯಾಕೆಂದರೆ ಸವೆದ ಯಂತ್ರ ಬದಲಿಸುವ ಖರ್ಚು ಬೆಳವಣಿಗೆ ಎಷ್ಟೇ ಇರಲಿ, ಬಂದೇ ಬರುತ್ತದೆ. 24 ಅನ್ನುವ ಉತ್ತರ, ಗುರಿ ಏರಿದ ಹಾಗೆ ಆ ಖರ್ಚನ್ನೂ ಸುಮ್ನೆ ಏರಿಸಿಬಿಡುತ್ತದೆ. ಹಾಗಾಗಿ ಎರಡನ್ನೂ ಬೇರೆ ಮಾಡಿದೆ. ಹಿಂದಿನ ಐದು ವರ್ಷ ಹೂಡಿಕೆ ಸುಮಾರು 20, ಬೆಳವಣಿಗೆ 5, ಸವಕಳಿ 4. ಕೆಳಗೆ v ಅಂದರೆ ಸವಕಳಿಯನ್ನೂ ಲೆಕ್ಕಕ್ಕೆ ಹಿಡಿದ ಅನುಪಾತ, I/Y ಅಂದರೆ ಜಿಡಿಪಿಯಲ್ಲಿ ಹೂಡಿಕೆಯ ಪಾಲು.

```
v = 20 / (5 + 4) = 2.22
I/Y = 2.22 × (6 + 4) = 22.2
```

ಕೊರತೆ 22.2 − 17 = 5.2. ಜಿಡಿಪಿ 1000 ಇದ್ದರೆ 52. 24ರ ದಾರಿಯಲ್ಲಿ ಇದೇ 70 ಆಗುತ್ತಿತ್ತು. 18ರಷ್ಟು ಸಾಲ ಬರೀ ಲೆಕ್ಕದ ತಪ್ಪಿಗೆ! ಗುರಿಯನ್ನು 4ಕ್ಕೆ ಇಳಿಸಿದರೆ ತಪ್ಪು ತಿರುಗಿಬೀಳುತ್ತದೆ: ಸಾದಾ ಐಸಿಒಆರ್ 16 ಸಾಕು ಅನ್ನುತ್ತದೆ, ನಿಜಕ್ಕೆ ಬೇಕಾದದ್ದು ಹತ್ತಿರ ಹತ್ತಿರ 18.

ಐಸಿಒಆರ್ 4 ಅನ್ನುವುದೂ ಮೊದಲೇಟಿಗೆ ಸಿಕ್ಕಿದ್ದಲ್ಲ. ಆ ಐದು ವರ್ಷಗಳ ಬೆಳವಣಿಗೆ 8, 1, 6, 2, 8 ಹೀಗೇನೋ ಇತ್ತು. ವರ್ಷ ವರ್ಷಕ್ಕೆ ತೆಗೆದು ಸರಾಸರಿ ಮಾಡಿದರೆ 7.7 ಬಂತು, ಏಕೆಂದರೆ ಬೆಳವಣಿಗೆ 1 ಇದ್ದ ಆ ಒಂದೇ ವರ್ಷದ ಐಸಿಒಆರ್ 20. ಮಳೆ ಕೈಕೊಟ್ಟರೆ ಕಾರ್ಖಾನೆಗಳ ಸಾಮರ್ಥ್ಯ ಕುಗ್ಗಿತು ಅಂತ ಅರ್ಥವೇ, ಅಲ್ವಾ? ಐದೂ ವರ್ಷದ ಹೂಡಿಕೆ ಕೂಡಿಸಿ, ಐದೂ ವರ್ಷದ ಏರಿಕೆಯಿಂದ ಭಾಗಿಸಿ. 100 ಭಾಗಿಸು 25, ಅದೇ 4. ಈ ವರ್ಷದ ಹೂಡಿಕೆಯ ಫಲ ಮುಂದಿನ ವರ್ಷ ಬರಬಹುದು ಅಂತ ಹೂಡಿಕೆಯನ್ನು ಒಂದು ವರ್ಷ ಹಿಂದಕ್ಕೆ ಸರಿಸಿಯೂ ನೋಡಿದೆ. ಎಷ್ಟು ಸರಿಸಬೇಕು ಅಂತ ಆರಿಸುವ ನನ್ನ ಉಪಾಯವನ್ನು ಸದ್ಯಕ್ಕೆ ಹೇಳಲ್ಲ.

ನಂಬದವರಿಗಾಗಿ ಹಿಂದಿನ ಹತ್ತು ವರ್ಷದ ಅಂಕಿಯಿಂದ v ತೆಗೆದೆ. ಮುಂದಿನ ಐದು ವರ್ಷದ ನಿಜವಾದ ಹೂಡಿಕೆ ಹಾಕಿ ಬೆಳವಣಿಗೆ ಊಹಿಸಿದೆ. ಐದು ವರ್ಷದ ಸರಾಸರಿಯಲ್ಲಿ ಅರ್ಧ ಪಾಯಿಂಟ್ ಅಷ್ಟೇ ವ್ಯತ್ಯಾಸ. ಆಮೇಲೆ ಯಾರೂ ನಗಲಿಲ್ಲ! ಒಂದೊಂದೇ ವರ್ಷ ನೋಡಿದರೆ ಮಾತ್ರ ಊಹೆ ಎಲ್ಲೆಲ್ಲೋ ಹೋಗುತ್ತದೆ, ಅದಕ್ಕೆ ಇದನ್ನು ಬಳಸಲೇಬೇಡಿ.

ನಡುವೆ ಇನ್ನೊಂದು ಆಟ ಆಡಿದೆ. ದೇಶ ಶೇಕಡಾ 6ರಂತೆ ಬೆಳೆದು, ಹೆಚ್ಚಿದ ಆದಾಯದ ಪ್ರತಿ 100ರಲ್ಲಿ 25 ಉಳಿಸಿದರೆ ಐದನೇ ವರ್ಷಕ್ಕೆ ಜಿಡಿಪಿ 1338, ಉಳಿತಾಯ ಸುಮಾರು 254, ಕೊರತೆ 43ರ ಹತ್ತಿರ. ಪೂರ್ತಿ ಮುಚ್ಚಲು ಸುಮಾರು 18 ವರ್ಷ ಬೇಕು. 25ರ ಬದಲು 20 ಉಳಿಸಿದರೆ? ಯಾವತ್ತೂ ಮುಚ್ಚಲ್ಲ, ಏಕೆಂದರೆ ಬೇಕಾದದ್ದೇ 22.2. ಸಾಲ ಕೊಡುವವರು ಮೊದಲು ನೋಡಬೇಕಾದ ಸಂಖ್ಯೆ ಹೆಚ್ಚಿದ ಆದಾಯದಲ್ಲಿ ಉಳಿಯುವ ಈ ಪಾಲು ಅಂತ ನನ್ನ ಲೆಕ್ಕ.

ದುಡ್ಡಿನ ವಿಷಯದಲ್ಲಿ ನಾನು ಇನ್ನೊಮ್ಮೆ ಎಡವಿದ್ದೆ. 52 ಅನ್ನುವುದು ನಿವ್ವಳ ಕೊರತೆ. ಹಳೇ ಸಾಲದ ಕಂತು, ಬಡ್ಡಿ ಸೇರಿ 20 ಕಟ್ಟಬೇಕಿದ್ದರೆ ಹೊಸದಾಗಿ ತರಬೇಕಾದದ್ದು 72. ಮೊದಲ ವರದಿಯಲ್ಲಿ ಬರೀ 52 ಬರೆದೆ, ತಿದ್ದುಪಡಿ ಬರೆಯುವ ಹೊತ್ತಿಗೆ ಬಜೆಟ್ ಹೊರಟುಹೋಗಿತ್ತು.

ಇನ್ನು, 72 ಬಂದರೆ ಶೇಕಡಾ 6 ಬೆಳೆಯುತ್ತದೆ ಅಂತ ನಾನು ಎಲ್ಲೂ ಬರೆಯಲ್ಲ. ಬಂದ ಹಣ ಹೂಡಿಕೆಗೇ ಹೋಗುತ್ತದೆ ಅಂತ ಸೂತ್ರದಲ್ಲಿ ಎಲ್ಲೂ ಇಲ್ಲ, ಅರ್ಧ ದಿನಖರ್ಚಿಗೂ ಹೋಗಬಹುದು. 1946ರಲ್ಲಿ ಈ ಲೆಕ್ಕ ಕಟ್ಟಿದ ಅರ್ಥಶಾಸ್ತ್ರಜ್ಞ ಡೋಮರ್ ಅವರೇ 1957ರಲ್ಲಿ, ದೀರ್ಘಕಾಲದ ಬೆಳವಣಿಗೆಗೆ ಇದು ಹೊಂದಲ್ಲ ಅಂತ ಕೈತೊಳೆದುಕೊಂಡರು. ಈಗ ಶೀಟ್‌ನಲ್ಲಿ ವಿದೇಶಿ ವಿನಿಮಯದ ಕೊರತೆಗೂ ಒಂದು ಕಾಲಂ ಹಾಕಿದ್ದೇನೆ. ಉಳಿತಾಯದ ಕೊರತೆ, ವಿನಿಮಯದ ಕೊರತೆ ಎರಡರಲ್ಲಿ ದೊಡ್ಡದು ಯಾವುದೋ ಅದನ್ನೇ ತೆಗೆದುಕೊಳ್ಳಬೇಕು. ಆದರೆ ಆಮದಿನ ಅಂದಾಜು ಇನ್ನೂ ಕೈಗೆ ಹತ್ತಿಲ್ಲ.