ಗಗ್ಗರ ಕಟ್ಟುವ ಮೊದಲು, ಕಟ್ಟಿದ ಮೇಲೆ

‘ಜನ ಭಯಭಕ್ತಿಯಿಂದ ನಿಂತಿದ್ದರು.’ ತುಳುನಾಡಿನ ಒಂದು ಮನೆತನದ ಭೂತಕೋಲ ನೋಡಿ ಬಂದ ರಾತ್ರಿ ನಾನು ಬರೆದ ಮೊದಲ ಸಾಲು ಇದು. ನನ್ನ ಸಂಶೋಧನೆಯ ಗೈಡ್ ಅದರಡಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು, “ಭಯ ಎಲ್ಲಿ ಕಾಣಿಸ್ತಮ್ಮ?” ಅಂದರು. ಉತ್ತರ ಇರಲಿಲ್ಲ. ಭಯ ಆಗಿದ್ದು ನನಗೆ. ಅದನ್ನು ಸುಮ್ನೆ ಎಲ್ಲರ ತಲೆಗೆ ಕಟ್ಟಿದ್ದೆ.

ನಾನು ಹಿಡಿದಿದ್ದು ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1966ರ ಪ್ರಬಂಧದಲ್ಲಿ ತೋರಿಸಿದ ದಾರಿ. ಧರ್ಮ ಅಂದರೆ ಸಂಕೇತಗಳ ವ್ಯವಸ್ಥೆ, ಅದು ಜನರಲ್ಲಿ ಗಾಢವಾದ ಭಾವಗಳನ್ನೂ ಪ್ರೇರಣೆಗಳನ್ನೂ ನೆಲೆಗೊಳಿಸುತ್ತದೆ ಅನ್ನುತ್ತಾರೆ ಅವರು. ಪ್ರೇರಣೆಗೆ ಗುರಿ ಇದೆ, ಹರಕೆ ತೀರಿಸಬೇಕು ಅನ್ನುವ ಹಾಗೆ. ಭಾವ ಮಂಜಿನ ಥರ. ಕವಿಯುತ್ತದೆ, ಕರಗುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಮಂಜನ್ನು ಬರೆಯುವುದು ಹೇಗೆ?

ಮುಂದಿನ ಕೋಲದಲ್ಲಿ ಒಂದೇ ವಸ್ತು ಆರಿಸಿಕೊಂಡೆ: ದೈವದ ವೇಷ ಹಾಕುವ ಪಾತ್ರಿ ಕಾಲಿಗೆ ಕಟ್ಟುವ ಗೆಜ್ಜೆಯಂಥ ಕಡಗ, ಗಗ್ಗರ. ಇದರ ಅರ್ಥ ಏನು ಅಂತ ಕೇಳಿದರೆ “ಅದು ಕ್ರಮ” ಅಂದರು, ಅಷ್ಟೇ. ಕೇಳುವುದು ಬಿಟ್ಟೆ. ಕಟ್ಟುವ ಮೊದಲು ಏನಿತ್ತು, ಕಟ್ಟಿದ ಮೇಲೆ ಏನಾಯ್ತು, ಅದನ್ನಷ್ಟೇ ಬರೆದೆ.

ಮೊದಲು: ಮುಖಕ್ಕೆ ಹಳದಿ ಬಣ್ಣ ಹಚ್ಚಿಕೊಳ್ಳುತ್ತಿದ್ದವರನ್ನು ಮನೆಯ ಹುಡುಗ “ಅಣ್ಣಾ, ಚಾ ಬೇಕಾ?” ಅಂತ ಕೇಳಿದ. ಒಬ್ಬರು ಫೋನಲ್ಲಿ ಅಡಿಕೆ ರೇಟು ಮಾತಾಡುತ್ತಿದ್ದರು. ಗಗ್ಗರ ಕಟ್ಟಿ ಸೊಂಟದ ತೆಂಗಿನ ಗರಿಯ ಸಿರಿ ಅಲುಗಿದಾಗ ಫೋನ್ ಜೇಬಿಗೆ ಹೋಯಿತು. ಕುರ್ಚಿಯಲ್ಲಿದ್ದವರು ಎದ್ದರು. ಯಜಮಾನರು ಹೆಗಲ ಶಾಲನ್ನು ಸೊಂಟಕ್ಕೆ ಸುತ್ತಿಕೊಂಡರು. ಆ ಹುಡುಗ ಆಮೇಲೆ ‘ಅಣ್ಣ’ ಅನ್ನಲೇ ಇಲ್ಲ.

ಇದು ಭಯವೇ? ದೈವದ ನುಡಿಯಲ್ಲಿ ಒಂದು ತಮಾಷೆ ಬಂದಾಗ ಹೆಂಗಸರು ನಕ್ಕರು. ಜಾಗದ ತಕರಾರಿನ ಮಾತು ಬಂದ ಕೂಡಲೇ ಅಣ್ಣತಮ್ಮ ಇಬ್ಬರೂ ನೆಲ ನೋಡಿದರು. ಮಾರನೇ ದಿನ ಮನೆಯ ಅಜ್ಜಿ ಹೇಳಿದರು: “ಹೆದರಿಕೆ ಯಾಕೆ ಮಾರಾಯ್ತಿ? ಮನೆಯ ಹಿರಿಯರು ಬಂದ ಹಾಗೆ. ಅವರೆದುರು ಸುಳ್ಳು ಹೇಳ್ಲಿಕ್ಕೆ ಆಗ್ತದಾ?” ನನ್ನ ‘ಭಯಭಕ್ತಿ’ ಹೊಡೆದುಹಾಕಿದೆ. ಅದು ಮನೆಯ ಹಿರಿಯರ ಮುಂದೆ ಸಿಕ್ಕಿಬಿದ್ದವರ ಮುಜುಗರ ಮತ್ತು ಸಲಿಗೆ, ಎರಡೂ ಒಟ್ಟಿಗೆ. ಗೀರ್ಟ್ಸ್ ಹೇಳುವ ದಟ್ಟ ವಿವರಣೆ ಅಂದರೆ ವಿವರ ಜಾಸ್ತಿ ತುಂಬುವುದಲ್ಲ ಅಂತ ಆಗ ತಿಳಿಯಿತು. ತಲೆ ತಗ್ಗಿದ್ದು ಯಾವ ಮಾತಿಗೆ ಅಂತ ಗೊತ್ತಿರಬೇಕು, ಇಲ್ಲದಿದ್ದರೆ ಅದು ಬರೀ ಕುತ್ತಿಗೆಯ ಅಲುಗಾಟ.

ಒಂದು ಕಡೆ ಈ ದಾರಿ ನನಗೆ ಸಾಲಲಿಲ್ಲ. ರಾತ್ರಿ ಕೈಮುಗಿದ ಯಜಮಾನರು ಬೆಳಿಗ್ಗೆ ಅದೇ ಪಾತ್ರಿಗೆ ಏಕವಚನದಲ್ಲಿ ಮಾತಾಡಿ, ಅಂಗಳದಲ್ಲೇ ನಿಲ್ಲಿಸಿ ಅಕ್ಕಿ, ತೆಂಗಿನಕಾಯಿ ಕೊಟ್ಟರು. ಸಂಕೇತಕ್ಕೆ ಆ ಬಲ ಕೊಡುವ ಅಧಿಕಾರ ಯಾರದು ಅಂತ ಇನ್ನೊಬ್ಬ ಮಾನವಶಾಸ್ತ್ರಜ್ಞ ತಲಾಲ್ ಅಸದ್ 1983ರಲ್ಲೇ ಗೀರ್ಟ್ಸ್‌ರನ್ನು ಪ್ರಶ್ನಿಸಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ನೋಡಿದವರ ಭಾವ ಇತ್ತು, ಗಗ್ಗರ ಕಟ್ಟಿದವರದು ಒಂದು ಸಾಲೂ ಇರಲಿಲ್ಲ. ಹೋಗಿ ಕೇಳಿದೆ. ಅವರು ಪಂಚೆ ಸ್ವಲ್ಪ ಎತ್ತಿ, ಪಾದದ ಗಂಟಿನ ಮೇಲಿನ ಕಪ್ಪು ಕಲೆ ತೋರಿಸಿದರು.