ಗೋಡೆಯ ಅಡಿಗೆ ನುಗ್ಗುವ ನೀರು: ಒಂದು ಸಣ್ಣ ಅಣೆಕಟ್ಟಿನ ಲೆಕ್ಕ

ಮಲೆನಾಡಿನ ಹಳ್ಳವೊಂದಕ್ಕೆ ಕಲ್ಲಿನ ಅಣೆಕಟ್ಟು ಕಟ್ಟುವ ಕೆಲಸದಲ್ಲಿ, ನೀರು ಮೇಲೆ ಹರಿಯದ ಪಕ್ಕದ ಭಾಗದ ಲೆಕ್ಕ ನನ್ನ ಪಾಲಿಗೆ ಬಂದಿತ್ತು. ಎತ್ತರ 6 ಮೀಟರ್, ತಲೆಯ ಅಗಲ 1.5 ಮೀಟರ್, ಬುಡದ ಅಗಲ 4 ಮೀಟರ್. ನೀರಿನ ಕಡೆಯ ಮುಖ ನೇರವಾಗಿ ನಿಂತದ್ದು, ಇನ್ನೊಂದು ಕಡೆ ಇಳಿಜಾರು. ಮಹಾಪೂರದ ಮಟ್ಟ ಗೋಡೆಯ ತಲೆಯವರೆಗೆ ಎಂದು ಹಿಡಿದೆವು.

ಜಾಗ ನೋಡಲು ಹೋದಾಗ ಹಿರಿಯ ರೈತರೊಬ್ಬರು, ‘ನೀರು ಅರ್ಧ ಮೈಲಿ ಹಿಂದಕ್ಕೆ ನಿಲ್ಲುತ್ತದೆ ಸ್ವಾಮಿ, ಅಷ್ಟೂ ನೀರು ಬಂದು ಗೋಡೆಯನ್ನು ತಳ್ಳುವುದಿಲ್ಲವೇ?’ ಎಂದು ಕೇಳಿದರು. ತಳ್ಳುವುದಿಲ್ಲ. ನಿಂತ ನೀರಿನ ಒತ್ತಡಕ್ಕೆ ಆಳ ಮಾತ್ರ ಲೆಕ್ಕ. ಹಿನ್ನೀರು ಹತ್ತು ಮೀಟರ್ ಉದ್ದವಿದ್ದರೂ ಹತ್ತು ಕಿಲೋಮೀಟರ್ ಇದ್ದರೂ ಗೋಡೆಗೆ ತಗಲುವ ಬಲ ಒಂದೇ.

ಮೇಲ್ಮೈಯಲ್ಲಿ ಒತ್ತಡ ಸೊನ್ನೆ. ಬುಡದಲ್ಲಿ 9.81 × 6, ಅಂದರೆ ಚದರ ಮೀಟರಿಗೆ ಸುಮಾರು 58.9 ಕಿಲೋನ್ಯೂಟನ್. ಚಿತ್ರ ಬರೆದರೆ ತ್ರಿಕೋನ ಸಿಗುತ್ತದೆ. ಗೋಡೆಯ ಒಂದು ಮೀಟರ್ ಉದ್ದಕ್ಕೆ ಆ ತ್ರಿಕೋನದ ವಿಸ್ತೀರ್ಣವೇ ಒಟ್ಟು ಬಲ:

```
P = 9.81 × 6² / 2 = 176.6 kN
```

ಸುಮಾರು ಹದಿನೆಂಟು ಟನ್. ತ್ರಿಕೋನದ ಭಾರವೆಲ್ಲ ಕೆಳಗಿರುವುದರಿಂದ ಬಲದ ಕ್ರಿಯಾರೇಖೆ ಬುಡದಿಂದ ಎತ್ತರದ ಮೂರನೇ ಒಂದು ಭಾಗದಲ್ಲಿ, ಅಂದರೆ 2 ಮೀಟರ್ ಮೇಲೆ ಹಾದುಹೋಗುತ್ತದೆ. ಗೋಡೆ ಮಗುಚುವುದಾದರೆ ಕೆಳದಂಡೆಯ ಅಂಚಿನ ಮೇಲೆ, ನಾವು ಟೋ ಎನ್ನುವ ಬಿಂದುವಿನ ಸುತ್ತ ಮಗುಚಬೇಕು. ಅದರ ಸುತ್ತ ನೀರಿನ ಮೊಮೆಂಟ್, ಅಂದರೆ ಬಲವನ್ನು ಟೋದಿಂದ ಕ್ರಿಯಾರೇಖೆಗಿರುವ ದೂರದಿಂದ ಗುಣಿಸಿದಾಗ ಸಿಗುವ ತಿರುಗಿಸುವ ಶಕ್ತಿ, 353 ಕಿಲೋನ್ಯೂಟನ್-ಮೀಟರ್.

ಗೋಡೆಯನ್ನು ಹಿಡಿದು ನಿಲ್ಲಿಸುವುದು ಅದರ ಸ್ವಂತ ತೂಕ. ಕಲ್ಲುಕಟ್ಟಡಕ್ಕೆ ಘನ ಮೀಟರಿಗೆ 23 ಕಿಲೋನ್ಯೂಟನ್ ಹಿಡಿದು, ಅಡ್ಡಕೊಯ್ತವನ್ನು ಒಂದು ಆಯತ, ಒಂದು ತ್ರಿಕೋನ ಎಂದು ಒಡೆದೆ. ಒಟ್ಟು ತೂಕ 379.5, ಟೋ ಸುತ್ತ ಅದರ ಮೊಮೆಂಟ್ 960. ಮಗುಚುವ ಮೊಮೆಂಟಿನ 2.7 ಪಟ್ಟು. ಫಲಿತ ಬಲ ಬುಡವನ್ನು ಎಲ್ಲಿ ಕಡಿಯುತ್ತದೆ ಎಂದೂ ನೋಡಿದೆ: ಟೋದಿಂದ 1.6 ಮೀಟರ್ ಒಳಗೆ. ಬುಡದ ನಡುವಿನ ಮೂರನೇ ಒಂದು ಭಾಗ 1.33 ಮೀಟರಿಗೆ ಶುರುವಾಗುತ್ತದೆ, ಆದ್ದರಿಂದ ರೇಖೆ ಅದರೊಳಗೇ ಇದೆ. ಎಲ್ಲವೂ ಸರಿಯಾಗಿ ಕಂಡಿತು.

ಆದರೆ ನೀರು ಗೋಡೆಯ ಮುಂದೆ ಮಾತ್ರ ನಿಲ್ಲುವುದಿಲ್ಲ. ಬಂಡೆ ಮತ್ತು ಗೋಡೆ ಕೂಡುವಲ್ಲಿ ಒಳಹೊಕ್ಕು ಕೆಳಗಿನಿಂದ ಎತ್ತುತ್ತದೆ. ನೀರಿನ ಕಡೆಯ ಅಂಚಿನಲ್ಲಿ ಪೂರ್ತಿ 58.9, ಟೋದಲ್ಲಿ ಸೊನ್ನೆ. ಮತ್ತೊಂದು ತ್ರಿಕೋನ, ಈ ಬಾರಿ ಮಲಗಿದ್ದು. ಇದರ ಬಲ 117.7. ಕ್ರಿಯಾರೇಖೆ ಟೋದಿಂದ 2.67 ಮೀಟರ್ ದೂರ, ಆದ್ದರಿಂದ ಮೊಮೆಂಟ್ 314. ಮುಂದಿನಿಂದ ತಳ್ಳುವ ನೀರಿನಷ್ಟೇ ಹೆಚ್ಚುಕಡಿಮೆ! ಇದನ್ನೂ ಸೇರಿಸಿದರೆ ಫಲಿತ ಬಲದ ರೇಖೆ ಬುಡವನ್ನು ಕಡಿಯುವ ಜಾಗ, ಟೋದಿಂದ ಅಳೆದರೆ:

```
x = (960 − 353 − 314) / (379.5 − 117.7) = 1.12 m
```

ಮಗುಚುವಿಕೆಯ ಅನುಪಾತ ಈಗ 1.44. ಒಂದಕ್ಕಿಂತ ಹೆಚ್ಚಿದೆ, ಗೋಡೆ ಉರುಳುವುದಿಲ್ಲ ಎಂದು ಸಮಾಧಾನಪಡಬಹುದು. ನಾನು ಈ ಅನುಪಾತವನ್ನು ನಂಬುವುದಿಲ್ಲ, ರೇಖೆ ಬುಡವನ್ನು ಕಡಿಯುವ ಜಾಗವನ್ನು ನಂಬುತ್ತೇನೆ. 1.12 ಎಂದರೆ ರೇಖೆ ನಡುವಿನ ಭಾಗದಿಂದ ಹೊರಬಿದ್ದಿದೆ. ಆಗ ನೀರಿನ ಕಡೆಯ ಅಂಚಿನಲ್ಲಿ ಒತ್ತುವ ಬದಲು ಎಳೆತ ಹುಟ್ಟುತ್ತದೆ. ನನ್ನ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 21 ಕಿಲೋನ್ಯೂಟನ್. ಕಲ್ಲು ಗಾರೆಯ ಬೆಸುಗೆ ಎಳೆತ ತಡೆಯುತ್ತದೆಂದು ನೆಚ್ಚುವಂತಿಲ್ಲ. ಬಿರುಕು ಬಿಟ್ಟರೆ ಅದರ ಉದ್ದಕ್ಕೂ ಪೂರ್ತಿ ಒತ್ತಡದ ನೀರು ನುಗ್ಗುತ್ತದೆ, ಎತ್ತುವ ಬಲ ಇನ್ನೂ ಹೆಚ್ಚುತ್ತದೆ, ರೇಖೆ ಟೋದತ್ತ ಮತ್ತಷ್ಟು ಸರಿಯುತ್ತದೆ, ಬಿರುಕು ಬೆಳೆಯುತ್ತದೆ. ಫ್ರಾನ್ಸಿನ ಬೂಝೆ ಅಣೆಕಟ್ಟು 1895ರಲ್ಲಿ ಒಡೆದು ಎಂಬತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಹೀಗೆಯೇ. ಕಟ್ಟಡದೊಳಗಿನ ನೀರು ಎತ್ತುವ ಬಲವನ್ನು ಅದರ ವಿನ್ಯಾಸದಲ್ಲಿ ಹಿಡಿದಿರಲಿಲ್ಲ.

ದೊಡ್ಡ ಅಣೆಕಟ್ಟುಗಳಲ್ಲಿ ಬುಡದಲ್ಲಿ ರಂಧ್ರ ಕೊರೆದು, ನೀರನ್ನು ಬಸಿದು ಈ ಒತ್ತಡ ತಗ್ಗಿಸುತ್ತಾರೆ. ನಮ್ಮಂಥ ಸಣ್ಣ ಗೋಡೆಯಲ್ಲಿ ಆ ರಂಧ್ರಗಳನ್ನು ವರ್ಷ ವರ್ಷ ಶುಚಿ ಮಾಡುವವರಾರು? ಹಾಗಾಗಿ ಪೂರ್ತಿ ಒತ್ತಡವನ್ನೇ ಇಟ್ಟುಕೊಂಡು ಬುಡವನ್ನು 4.5 ಮೀಟರಿಗೆ ಅಗಲಿಸಿದೆ. ಎತ್ತುವ ಬಲವೂ 132ಕ್ಕೆ ಏರಿತು, ಆದರೆ ತೂಕದ ಮೊಮೆಂಟ್ 1190 ಆಯಿತು. ರೇಖೆ ಟೋದಿಂದ 1.56 ಮೀಟರಿಗೆ ಬಂತು. ಬೇಕಾದದ್ದು 1.5. ಅನುಪಾತ 1.59. ಜಾರುವಿಕೆಗೆ ಬೇರೆ ಲೆಕ್ಕ ಮಾಡಿ, ಬಂಡೆಯಲ್ಲಿ ಉದ್ದಕ್ಕೂ ಕಾಲುವೆ ಕಡಿದು ಕಾಂಕ್ರೀಟ್ ತುಂಬಿಸಿದೆವು.

ಇದೇ ಅಡ್ಡಕೊಯ್ತವನ್ನು ನೀರು ಮೇಲೆ ಹರಿಯುವ ನಡುವಿನ ಭಾಗಕ್ಕೂ ಬಳಸೋಣವೆಂಬ ಮಾತು ಬಂತು. ಒಪ್ಪಲಿಲ್ಲ. ತಲೆಯ ಮೇಲೆ ಅರ್ಧ ಮೀಟರ್ ನೀರು ಹರಿದರೂ ಒತ್ತಡದ ಚಿತ್ರ ತ್ರಿಕೋನವಾಗಿ ಉಳಿಯುವುದಿಲ್ಲ, ತ್ರಿಕೋನಕ್ಕೆ ಒಂದು ಆಯತ ಸೇರುತ್ತದೆ. ಮುಂದಿನಿಂದ ತಳ್ಳುವ ಮೊಮೆಂಟ್ 353ರಿಂದ 441ಕ್ಕೆ ಜಿಗಿಯುತ್ತದೆ, ಬುಡದಡಿಯ ಒತ್ತಡವೂ ಜೊತೆಗೇ ಏರುತ್ತದೆ. ಆ ಭಾಗಕ್ಕೆ ಹೊಸ ಹಾಳೆಯಲ್ಲಿ ಮೊದಲಿನಿಂದ ಲೆಕ್ಕ ಹಾಕಿದೆ.