ಜಾತ್ರೆಯ ಬೆಲೆಯನ್ನು ನಿಮಿಷಗಳಲ್ಲಿ ಕಟ್ಟಿದ ಬಗೆ

ತಿಪಟೂರಿನಲ್ಲಿದ್ದುಕೊಂಡು ನಾನು ರೂಪಿಸಿದ, ಆಟಗಾರ ಸುಮ್ಮನಿದ್ದರೂ ನಾಣ್ಯ ಕೂಡುತ್ತ ಹೋಗುವ ಐಡಲ್ ಕ್ಲಿಕ್ಕರ್ ಆಟದ ವಸ್ತು ತೆಂಗಿನ ತೋಟ. ಮೊದಲ ಮರದ ಬೆಲೆ 60 ನಾಣ್ಯ, ಪ್ರತಿ ಮರದ ಗಳಿಕೆ ಸೆಕೆಂಡಿಗೆ 1 ನಾಣ್ಯ. ಆಟಗಾರನ ಬಳಿ n ಮರಗಳಿದ್ದಾಗ ಮುಂದಿನ ಮರದ ಬೆಲೆ ಹೀಗಿರುತ್ತದೆ:

```
60 * 1.15^n
```

ಐದು ಮರ ಕೊಳ್ಳುವಷ್ಟರಲ್ಲಿ ಬೆಲೆ ಸುಮಾರು ಇಮ್ಮಡಿಯಾಗುತ್ತದೆ. ಗಳಿಕೆಯಾದರೋ ಒಂದೊಂದೇ ನಾಣ್ಯ ಏರುತ್ತದೆ. ಹಾಗಾಗಿ ಆಟಗಾರ ಮರಗಳನ್ನು ಬಿಟ್ಟು ಮುಂದಿನ ಹಂತವಾದ ಕೊಬ್ಬರಿ ಅಟ್ಟದ ಕಡೆ ಯಾವಾಗ ತಿರುಗಬೇಕೆಂಬುದನ್ನು ನಾನೇ ನಿರ್ಧರಿಸಬೇಕಿತ್ತು. ಅಟ್ಟಕ್ಕೆ 720 ನಾಣ್ಯ ಬೆಲೆಯಿಟ್ಟು, ಸೆಕೆಂಡಿಗೆ 8 ನಾಣ್ಯ ಕೊಡುವಂತೆ ಮಾಡಿದೆ. ಹಣ ಕೂಡಿಸಲು ಬೇಕಾದ ಸಮಯಕ್ಕೆ, ಹಾಕಿದ ಹಣ ಮರಳಿ ಬರಲು ಬೇಕಾದ ಸಮಯವನ್ನು ಸೇರಿಸಿ ಮರ, ಅಟ್ಟ ಎರಡನ್ನೂ ತೂಗಿದೆ. ಏಳು ಮರಗಳಿದ್ದಾಗ ಇನ್ನೊಂದು ಮರಕ್ಕೆ 182 ಸೆಕೆಂಡು, ಅಟ್ಟಕ್ಕೆ 193. ಎಂಟು ಮರಗಳಾದಾಗ ಮರಕ್ಕೆ 206, ಅಟ್ಟಕ್ಕೆ 180. ಎಂಟನೆಯ ಮರದ ನಂತರ ದಾರಿ ತಾನಾಗಿಯೇ ಬದಲಾಗುತ್ತದೆ.

ನಿಜವಾದ ತೊಡಕಿರುವುದು ಹೆಚ್ಚುವರಿ ನಾಣ್ಯಗಳನ್ನು ಆಟದಿಂದ ಹೊರಹಾಕುವುದರಲ್ಲಿ. ಇದಕ್ಕಾಗಿ ಜಾತ್ರೆ ಎಂಬ ಖರ್ಚನ್ನು ಸೇರಿಸಿದೆ. ಅದರ ಬೆಲೆ ಸ್ಥಿರವಾಗಿದ್ದರೆ ಗಳಿಕೆ ಬೆಳೆದಂತೆ ಚಿಲ್ಲರೆಯಾಗಿಬಿಡುತ್ತದೆ. ಆದ್ದರಿಂದ ಆಗಿನ ಗಳಿಕೆಯ ಹತ್ತು ನಿಮಿಷದ ಮೊತ್ತವನ್ನೇ ಬೆಲೆಯಾಗಿಟ್ಟೆ. ಜಾತ್ರೆ ಮಾಡಿಸಿದವನಿಗೆ ಗಳಿಕೆ ಸ್ವಲ್ಪ ಹೊತ್ತು ಇಮ್ಮಡಿಯಾಗಬೇಕು. ಆ ಹೊತ್ತು ಹದಿನೈದು ನಿಮಿಷವಾದರೆ ಹತ್ತು ಕೊಟ್ಟು ಹದಿನೈದು ಪಡೆದಂತಾಗುತ್ತದೆ. ಹೆಸರಿಗೆ ಖರ್ಚು, ನಿಜದಲ್ಲಿ ನಾಣ್ಯ ಹುಟ್ಟಿಸುವ ಯಂತ್ರ! ಆರು ನಿಮಿಷವೆಂದರೆ ಸಾಕೆನಿಸುತ್ತದೆ, ಆದರೆ ಅಲ್ಲಿಯೂ ಒಂದು ಸಂದಿಯಿದೆ: ಮರಗಳ ಸಂಖ್ಯೆ 25 ಮುಟ್ಟಿದಾಗ ಅವುಗಳ ಇಳುವರಿ ಇಮ್ಮಡಿಯಾಗುವ ಮೆಟ್ಟಿಲೊಂದಿದೆ. ಗಳಿಕೆಯೆಲ್ಲ ಮರಗಳಿಂದಲೇ ಬರುತ್ತಿರುವ ಚುರುಕು ಆಟಗಾರ 24 ಮರಗಳಿರುವಾಗ ಜಾತ್ರೆ ಮಾಡಿಸಿ, ಮರುಕ್ಷಣವೇ ಇಪ್ಪತ್ತೈದನೆಯ ಮರವನ್ನು ಕೊಂಡರೆ, ಹಳೆಯ ದರದ ಹತ್ತು ನಿಮಿಷ ತೆತ್ತು ಹನ್ನೆರಡು ನಿಮಿಷಕ್ಕೂ ಹೆಚ್ಚಿನದನ್ನು ಎತ್ತಿಕೊಳ್ಳುತ್ತಾನೆ. ಆದ್ದರಿಂದ ಜಾತ್ರೆಯ ಹೆಚ್ಚುವರಿ ಗಳಿಕೆಯನ್ನು ಕೊಂಡ ಕ್ಷಣದ ದರಕ್ಕೇ ಕಟ್ಟಿಹಾಕಿದೆ. ಆಮೇಲೆ ತೋಟ ಎಷ್ಟೇ ಬೆಳೆದರೂ ಆ ಮೊತ್ತ ಏರುವುದಿಲ್ಲ.

ನಾಣ್ಯದಲ್ಲಿ ನಷ್ಟವಾಗುವ ಜಾತ್ರೆಯನ್ನು ಯಾರಾದರೂ ಏಕೆ ಮಾಡಿಸಬೇಕು? ಅದಕ್ಕೆಂದೇ ಪ್ರತಿ ಜಾತ್ರೆಗೂ ಒಂದು ಬಿತ್ತನೆಕಾಯಿ ಕೊಡುತ್ತೇನೆ. ತೋಟವನ್ನು ಹೊಸದಾಗಿ ಆರಂಭಿಸಿದಾಗ ನಾಣ್ಯಗಳೆಲ್ಲ ಅಳಿದರೂ ಬಿತ್ತನೆಕಾಯಿ ಉಳಿಯುತ್ತದೆ, ಮುಂದಿನ ಸುತ್ತಿನ ಗಳಿಕೆಯನ್ನು ತುಸು ಹೆಚ್ಚಿಸುತ್ತದೆ. ನನ್ನ ದೃಷ್ಟಿಯಲ್ಲಿ ಬರೀ ಅಲಂಕಾರದ ವಸ್ತುಗಳಿಗಿಂತ ಇದು ಹೆಚ್ಚು ಪ್ರಾಮಾಣಿಕ ಪ್ರತಿಫಲ.

ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಆಟದ ದಾಖಲೆಯಲ್ಲಿ ಚೀಲದ ನಾಣ್ಯಗಳನ್ನು ಆ ಹೊತ್ತಿನ ಗಳಿಕೆಯಿಂದ ಭಾಗಿಸಿ, ನಿಮಿಷಗಳಲ್ಲಿ ನೋಡುತ್ತೇನೆ. ಆ ಅಂಕಿ ಏರಿಳಿಯುತ್ತಿದ್ದರೆ ಆಟಗಾರ ಖರ್ಚು ಮಾಡುತ್ತಿದ್ದಾನೆ. ಇಳಿಯದೆ ಏರುತ್ತಲೇ ಹೋದರೆ ಅವನಿಗೆ ಕೊಳ್ಳಲು ಏನೂ ಉಳಿದಿಲ್ಲ, ಆಗ ಮುಂದಿನ ಹಂತದ ಬೆಲೆಯನ್ನೋ ಬಿತ್ತನೆಕಾಯಿಯ ಬಲವನ್ನೋ ತಿದ್ದುತ್ತೇನೆ.